ಶಿಶುವಿಹಾರದ ಲೆಕ್ಕಾಚಾರ: ಮಕ್ಕಳ ಸಂಖ್ಯೆ, ಶುಲ್ಕ, ಶಿಕ್ಷಕಿಯರ ಸಂಬಳ

ಖಾಸಗಿ ಶಿಶುವಿಹಾರವೊಂದರ ಆದಾಯ ಮಕ್ಕಳು ಒಬ್ಬೊಬ್ಬರಾಗಿ ಸೇರಿದಂತೆ ಏರುತ್ತದೆ. ಖರ್ಚು ಹಾಗಲ್ಲ. ಇಪ್ಪತ್ತು ಮಕ್ಕಳವರೆಗೆ ಒಬ್ಬ ಶಿಕ್ಷಕಿ ಸಾಕು, ಇಪ್ಪತ್ತೊಂದನೆಯ ಮಗು ಬಂದ ದಿನ ಇನ್ನೊಬ್ಬರು ಬೇಕು, ಇನ್ನೊಂದು ಕೋಣೆಯೂ ಬೇಕು. ಆದಾಯ ಇಳಿಜಾರಿನಂತೆ, ಖರ್ಚು ಮೆಟ್ಟಿಲಿನಂತೆ ಏರುವ ಈ ವ್ಯತ್ಯಾಸವೇ ಶಿಶುವಿಹಾರದ ವ್ಯವಹಾರ ಯೋಜನೆಯ ತಿರುಳು. 'ಮೊದಲ ವರ್ಷ ಮೂವತ್ತು, ಎರಡನೆಯ ವರ್ಷ ಅರವತ್ತು, ಮೂರನೆಯ ವರ್ಷ ನೂರು ಮಕ್ಕಳು' ಎಂದು ಬರೆದು, ಅದನ್ನು ಶುಲ್ಕದಿಂದ ಗುಣಿಸಿ ಲಾಭ ತೋರಿಸುವ ಯೋಜನೆಗಳು ಎಡವುವುದು ಇಲ್ಲಿಯೇ.

ಇಲ್ಲಿನ ವಿವರಣೆಗೆ ಒಂದು ಮಾದರಿ ಶಿಶುವಿಹಾರವನ್ನು ಆಧಾರವಾಗಿ ಇಟ್ಟುಕೊಳ್ಳಲಾಗಿದೆ. ಅದು ಮೈಸೂರಿನ ಹೊರವಲಯದ ಹೊಸ ಬಡಾವಣೆಯೊಂದರಲ್ಲಿ, 40x60 ನಿವೇಶನದಲ್ಲಿ ಕಟ್ಟಿದ ಮನೆಯ ನೆಲ ಅಂತಸ್ತಿನಲ್ಲಿದೆ. ತರಗತಿಗೆ ಆಗುವ ನಾಲ್ಕು ಕೋಣೆ, ಒಂದು ಹಾಲ್, ಮುಂದೆ ಜಾರುಬಂಡಿ ಇಡಬಹುದಾದಷ್ಟು ಅಂಗಳ. ನರ್ಸರಿ, ಎಲ್‌ಕೆಜಿ, ಯುಕೆಜಿ ಎಂಬ ಮೂರು ತರಗತಿಗಳು, ಮೂರರಿಂದ ಆರು ವರ್ಷದ ಮಕ್ಕಳು. ಇಲ್ಲಿನ ಮೊತ್ತಗಳು ಲೆಕ್ಕದ ರೀತಿಯನ್ನು ತೋರಿಸಲು ಇಟ್ಟುಕೊಂಡವು. ಹಾಸನದಲ್ಲೋ ಬೆಂಗಳೂರಿನಲ್ಲೋ ಬಾಡಿಗೆ, ಸಂಬಳ, ಶುಲ್ಕ ಎಲ್ಲವೂ ಬದಲಾಗುತ್ತವೆ, ಆದರೆ ಲೆಕ್ಕದ ದಾರಿ ಬದಲಾಗುವುದಿಲ್ಲ.

ಮೊದಲು ಮಿತಿ ಯಾವುದೆಂದು ತಿಳಿಯಬೇಕು. ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗವು ಖಾಸಗಿ ಪ್ಲೇ ಸ್ಕೂಲುಗಳಿಗಾಗಿ ರೂಪಿಸಿದ ಮಾರ್ಗಸೂಚಿಯ ಪ್ರಕಾರ ಇಪ್ಪತ್ತು ಮಕ್ಕಳಿಗೆ ಒಬ್ಬ ಶಿಕ್ಷಕಿ ಮತ್ತು ಒಬ್ಬ ಆಯಾ ಇರಬೇಕು, ಮೂರು ವರ್ಷ ತುಂಬದ ಮಗುವನ್ನು ಸೇರಿಸಿಕೊಳ್ಳಬಾರದು. 2013ರ ರಾಷ್ಟ್ರೀಯ ನೀತಿಯೂ ಮೂರರಿಂದ ಆರು ವರ್ಷದವರಿಗೆ ಇದೇ ಇಪ್ಪತ್ತರ ಲೆಕ್ಕವನ್ನು ಹೇಳುತ್ತದೆ. ಮೂವತ್ತು ಮಕ್ಕಳನ್ನು ಒಂದೇ ಕೋಣೆಗೆ ತುಂಬಿ ನಡೆಸುವ ಶಿಶುವಿಹಾರಗಳು ಇಲ್ಲದಿಲ್ಲ. ಆದರೆ ಒಂದು ಮಗುವನ್ನು ಆಯಾ ಶೌಚಾಲಯಕ್ಕೆ ಕರೆದೊಯ್ದಾಗ ಉಳಿದ ಇಪ್ಪತ್ತೊಂಬತ್ತು ಮಕ್ಕಳನ್ನು ಒಬ್ಬರೇ ನೋಡಿಕೊಳ್ಳುವುದು ಸಾಧ್ಯವಿಲ್ಲ ಎಂಬುದು ಆ ವಯಸ್ಸಿನ ಮಕ್ಕಳೊಂದಿಗೆ ಒಂದು ಬೆಳಗ್ಗೆ ಕಳೆದವರಿಗೆಲ್ಲ ಗೊತ್ತು. ನಾಲ್ಕು ಕೋಣೆ, ಕೋಣೆಗೆ ಇಪ್ಪತ್ತು ಎಂದರೆ ಈ ಕಟ್ಟಡದ ಗರಿಷ್ಠ ಸಾಮರ್ಥ್ಯ 80 ಮಕ್ಕಳು. ಯಾವ ವರ್ಷದ ಅಂದಾಜೂ ಇದನ್ನು ಮೀರುವಂತಿಲ್ಲ.

ಎರಡನೆಯ ಮಿತಿ ಸುತ್ತಲಿನ ಬಡಾವಣೆಯದು. ಮೂರು ವರ್ಷದ ಮಗುವನ್ನು ಹೆತ್ತವರು ದೂರ ಕಳಿಸುವುದಿಲ್ಲ, ಒಂದೂವರೆ-ಎರಡು ಕಿಲೋಮೀಟರ್ ಒಳಗೇ ಹುಡುಕುತ್ತಾರೆ. ಅಷ್ಟು ದೂರದೊಳಗೆ 2,500 ಮನೆಗಳಿದ್ದರೆ ಸುಮಾರು 10,000 ಜನ. ಸಾವಿರ ಜನರಿಗೆ ವರ್ಷಕ್ಕೆ ಸುಮಾರು 16 ಹೆರಿಗೆ ಎಂದು ಹಿಡಿದರೆ ಪ್ರತಿ ವರ್ಷ ನರ್ಸರಿ ವಯಸ್ಸಿಗೆ ಬರುವ ಮಕ್ಕಳು 160ರ ಆಸುಪಾಸು. ಅವರಲ್ಲಿ ಕೆಲವರು ಅಂಗನವಾಡಿಗೆ, ಕೆಲವರು ದೊಡ್ಡ ಶಾಲೆಯದೇ ನರ್ಸರಿಗೆ ಹೋಗುತ್ತಾರೆ, ಉಳಿದವರನ್ನು ಅಕ್ಕಪಕ್ಕದ ಮೂರ್ನಾಲ್ಕು ಶಿಶುವಿಹಾರಗಳು ಹಂಚಿಕೊಳ್ಳಬೇಕು. ಯೋಜನೆಯಲ್ಲಿ ವರ್ಷಕ್ಕೆ 34 ಹೊಸ ನರ್ಸರಿ ಮಕ್ಕಳು ಎಂದು ಬರೆದರೆ ಆ ವಯಸ್ಸಿನ ಐವರಲ್ಲಿ ಒಬ್ಬರಿಗಿಂತ ಹೆಚ್ಚು ಮಕ್ಕಳು ಇಲ್ಲಿಗೇ ಬರಬೇಕು ಎಂದರ್ಥ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಫಲವತ್ತತೆ ದರ 1.7ಕ್ಕೆ ಇಳಿದಿತ್ತು. ಮನೆಗಳು ಹೆಚ್ಚಿದಷ್ಟು ಮಕ್ಕಳು ಹೆಚ್ಚುವ ಕಾಲ ಮುಗಿಯಿತು. ಹೊಸದಾಗಿ ಕಟ್ಟಿದ, ಚಿಕ್ಕ ವಯಸ್ಸಿನ ದಂಪತಿಗಳು ತುಂಬಿದ ಬಡಾವಣೆಗೂ ಮೂವತ್ತು ವರ್ಷ ಹಳೆಯ ಬಡಾವಣೆಗೂ ಮಕ್ಕಳ ಲೆಕ್ಕದಲ್ಲಿ ಬಹಳ ಅಂತರವಿದೆ. ಹೀಗಾಗಿ ಮನೆಗಳನ್ನು ಎಣಿಸಿದರಷ್ಟೇ ಸಾಲದು, ಅವುಗಳಲ್ಲಿ ಯಾರಿದ್ದಾರೆ ಎಂದೂ ತಿಳಿದುಕೊಳ್ಳಬೇಕು.

ಇನ್ನು ಶುಲ್ಕ. ಪಕ್ಕದ ಶಿಶುವಿಹಾರ ಎಷ್ಟು ತೆಗೆದುಕೊಳ್ಳುತ್ತದೆ ಎಂದು ನೋಡಿ ಅದಕ್ಕಿಂತ ಎರಡು ಸಾವಿರ ಕಡಿಮೆ ಇಡುವುದು ಹೊಸಬರ ರೂಢಿ. ಆದರೆ ಶುಲ್ಕ ನಿಗದಿ ಆರಂಭವಾಗಬೇಕಾದದ್ದು ಒಂದು ತರಗತಿಯ ಖರ್ಚಿನಿಂದ. ಮಾದರಿ ಶಿಶುವಿಹಾರದಲ್ಲಿ ಶಿಕ್ಷಕಿಗೆ ತಿಂಗಳಿಗೆ 18,000 ರೂಪಾಯಿ, ಆಯಾಗೆ 14,000. ಹನ್ನೆರಡು ತಿಂಗಳಿಗೆ ಇಬ್ಬರದೂ ಸೇರಿ 3,84,000. ಒಬ್ಬರು ರಜೆ ಹಾಕಿದಾಗ ಬರುವ ಬದಲಿ ಶಿಕ್ಷಕಿ, ತರಬೇತಿ, ಹಬ್ಬದ ಉಡುಗೊರೆ, ಗ್ರಾಚ್ಯುಟಿಗೆ ಎತ್ತಿಡುವ ಹಣ ಇವಕ್ಕೆಲ್ಲ ಶೇ 10 ಸೇರಿಸಿದರೆ 4,22,400. ತರಗತಿಯಲ್ಲಿ ಇಪ್ಪತ್ತು ಮಕ್ಕಳಿದ್ದರೆ ತಲೆಗೆ 21,120 ರೂಪಾಯಿ, ಹನ್ನೆರಡೇ ಮಕ್ಕಳಿದ್ದರೆ 35,200 ರೂಪಾಯಿ. ಬಾಡಿಗೆ, ವಿದ್ಯುತ್, ಆಟಿಕೆ ಇನ್ನೂ ಇದರಲ್ಲಿ ಸೇರಿಲ್ಲ. 24,000 ರೂಪಾಯಿ ಶುಲ್ಕದಲ್ಲಿ ಈ ಸಂಬಳ ಕೊಡಲಾಗದು ಎಂಬುದು ಇಷ್ಟರಿಂದಲೇ ಗೊತ್ತಾಗುತ್ತದೆ. ಆ ಶುಲ್ಕದಲ್ಲಿ ನಡೆಯುವ ಕಡೆ ಸಂಬಳ ಕಡಿಮೆ ಇರುತ್ತದೆ, ಇಲ್ಲವೇ ಕೋಣೆಯಲ್ಲಿ ಮಕ್ಕಳು ಹೆಚ್ಚಿರುತ್ತಾರೆ, ಇಲ್ಲವೇ ಕಟ್ಟಡ ಸ್ವಂತದ್ದಾಗಿರುತ್ತದೆ.

ಹಾಗಾಗಿ ಮಾದರಿಯಲ್ಲಿ ವಾರ್ಷಿಕ ಬೋಧನಾ ಶುಲ್ಕ 39,000 ರೂಪಾಯಿ. ಸೇರುವಾಗ ಒಮ್ಮೆ ಮಾತ್ರ 5,000 ಪ್ರವೇಶ ಶುಲ್ಕ, ಪುಸ್ತಕ ಮತ್ತು ಚಟುವಟಿಕೆ ಸಾಮಗ್ರಿಗೆ ವರ್ಷಕ್ಕೆ 4,000. ಸಾಮಗ್ರಿಯ ಹಣ ಸಾಮಗ್ರಿಗೇ ಹೋಗುವುದರಿಂದ ಅದನ್ನು ಆದಾಯವೆಂದು ಎಣಿಸಬಾರದು. ಬೋಧನಾ ಶುಲ್ಕವೂ ಪೂರ್ತಿಯಾಗಿ ಕೈಸೇರುವುದಿಲ್ಲ. ಅಣ್ಣ-ತಂಗಿ ಇಬ್ಬರೂ ಸೇರಿದರೆ ರಿಯಾಯಿತಿ ಕೇಳುತ್ತಾರೆ, ಮಧ್ಯದಲ್ಲಿ ವರ್ಗವಾಗಿ ಹೋಗುವ ಕುಟುಂಬಗಳಿರುತ್ತವೆ, ಕೊನೆಯ ಕಂತು ಬಾಕಿ ಉಳಿಯುತ್ತದೆ. ಇದಕ್ಕಾಗಿ ಶೇ 8 ಕಳೆದರೆ ಒಂದು ಮಗುವಿನಿಂದ ನಿಜವಾಗಿ ಬರುವುದು 35,880 ರೂಪಾಯಿ. ಮುಂದಿನ ಎಲ್ಲ ಲೆಕ್ಕಕ್ಕೂ ಈ ಮೊತ್ತವೇ ಅಳತೆಗೋಲು. ಡೊನೇಷನ್ ಹೆಸರಿನಲ್ಲಿ ಹಣ ಪಡೆದು ಈ ಅಂತರ ತುಂಬಿಸುವ ಯೋಚನೆ ಬೇಡ. ವಂತಿಗೆಯನ್ನು ನಿಷೇಧಿಸುವ ಕಾಯ್ದೆ ಕರ್ನಾಟಕದಲ್ಲಿ 1984ರಿಂದಲೂ ಇದೆ. ಪೂರ್ವ ಪ್ರಾಥಮಿಕ ಶಿಕ್ಷಣದ ಶುಲ್ಕಕ್ಕೆ ಜಿಎಸ್‌ಟಿ ವಿನಾಯಿತಿ ಇರುವುದರಿಂದ ಹೆತ್ತವರ ಮೇಲೆ ಆ ಹೊರೆ ಬೀಳುವುದಿಲ್ಲ.

ಮಕ್ಕಳ ಸಂಖ್ಯೆ ಹೇಗೆ ಬೆಳೆಯುತ್ತದೆ ಎಂಬುದು ಯೋಜನೆಯ ಅತ್ಯಂತ ಸೂಕ್ಷ್ಮ ಭಾಗ. ಒಟ್ಟು ಸಂಖ್ಯೆಯನ್ನು ಊಹಿಸುವ ಬದಲು ಪ್ರತಿ ತಂಡವನ್ನೂ ಒಂದು ತರಗತಿಯಿಂದ ಮುಂದಿನದಕ್ಕೆ ನಡೆಸಿಕೊಂಡು ಹೋಗಬೇಕು. ನರ್ಸರಿಯಲ್ಲಿ ಈ ವರ್ಷ ಇರುವವರಲ್ಲಿ ಎಷ್ಟು ಮಕ್ಕಳು ಮುಂದಿನ ವರ್ಷ ಇಲ್ಲಿಯೇ ಎಲ್‌ಕೆಜಿಗೆ ಉಳಿಯುತ್ತಾರೆ ಎಂಬುದೇ ಪ್ರಶ್ನೆ. ಊರಿನ ದೊಡ್ಡ ಶಾಲೆಗಳು ಎಲ್‌ಕೆಜಿಯಿಂದಲೇ ಸೇರಿಸಿಕೊಳ್ಳುತ್ತವೆ, ಅಲ್ಲಿ ಸೇರಿದವರೇ ಒಂದನೆಯ ತರಗತಿಗೆ ಏರುವುದರಿಂದ ಆಮೇಲೆ ಸೀಟು ಉಳಿಯುವುದು ಕಡಿಮೆ. ಶಿಶುವಿಹಾರ ಎಷ್ಟೇ ಚೆನ್ನಾಗಿದ್ದರೂ 'ಒಂದನೇ ಕ್ಲಾಸಿಗೆ ಸೀಟು ಸಿಗದಿದ್ದರೆ?' ಎಂಬ ಅಂಜಿಕೆಯಿಂದ ಹೆತ್ತವರು ಒಂದು ವರ್ಷದಲ್ಲೇ ಮಗುವನ್ನು ಬಿಡಿಸುತ್ತಾರೆ. ಸ್ವತಂತ್ರ ಶಿಶುವಿಹಾರದ ಮೂಲ ದೌರ್ಬಲ್ಯವಿದು, ಇದನ್ನು ಮರೆಮಾಚಿದ ಯೋಜನೆಗೆ ಬೆಲೆಯಿಲ್ಲ. ಮಾದರಿಯಲ್ಲಿ ನರ್ಸರಿಯಿಂದ ಎಲ್‌ಕೆಜಿಗೆ ಶೇ 70, ಎಲ್‌ಕೆಜಿಯಿಂದ ಯುಕೆಜಿಗೆ ಸುಮಾರು ಶೇ 75 ಮಕ್ಕಳು ಉಳಿಯುತ್ತಾರೆ ಎಂದು ಹಿಡಿದಿದೆ.

ವಯಸ್ಸಿನ ನಿಯಮವೂ ಈ ಲೆಕ್ಕದೊಳಗೆ ಬರುತ್ತದೆ. ಒಂದನೆಯ ತರಗತಿಗೆ ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕು ಎಂಬ ನಿಯಮವನ್ನು ರಾಜ್ಯ ಸರ್ಕಾರ 2025-26ರ ಸಾಲಿಗೆ ಐದು ವರ್ಷ ಐದು ತಿಂಗಳಿಗೆ ಸಡಿಲಿಸಿತು. ಆರು ವರ್ಷದ ನಿಯಮ ಬಿಗಿಯಾದರೆ ಕೆಲವೇ ವಾರ ಕಡಿಮೆ ಬಿದ್ದ ಮಗು ಯುಕೆಜಿಯಲ್ಲಿ ಇನ್ನೊಂದು ವರ್ಷ ಉಳಿಯುತ್ತದೆ, ಸಡಿಲವಾದರೆ ಒಂದು ವರ್ಷ ಮೊದಲೇ ಹೋಗುತ್ತದೆ. ಪ್ರವೇಶ ಪುಸ್ತಕದಲ್ಲಿ ಪ್ರತಿ ಮಗುವಿನ ಹುಟ್ಟಿದ ದಿನಾಂಕವನ್ನು ಜೂನ್ 1ಕ್ಕೆ ಹೊಂದಿಸಿ ನೋಡಿದರೆ ಯಾರು ಎಷ್ಟು ವರ್ಷ ಇಲ್ಲಿರುತ್ತಾರೆ ಎಂಬುದು ಮೊದಲ ದಿನವೇ ಅಂದಾಜಾಗುತ್ತದೆ. ಹೆತ್ತವರಿಗೂ ಅದನ್ನು ಆಗಲೇ ಹೇಳುವುದು ಒಳ್ಳೆಯದು.

ಈ ಲೆಕ್ಕದಂತೆ ಮೊದಲ ವರ್ಷ ನರ್ಸರಿಗೆ 16, ಎಲ್‌ಕೆಜಿಗೆ 8 ಮಕ್ಕಳು. ಯುಕೆಜಿ ತೆರೆಯುವುದಿಲ್ಲ. ಎರಡನೆಯ ವರ್ಷ ಆ 16ರಲ್ಲಿ 11 ಮಂದಿ ಎಲ್‌ಕೆಜಿಗೆ ಉಳಿಯುತ್ತಾರೆ, ಹೊರಗಿನಿಂದ 3 ಬರುತ್ತಾರೆ. 8ರಲ್ಲಿ 6 ಮಕ್ಕಳು ಯುಕೆಜಿಗೆ ಹೋಗುತ್ತಾರೆ. ನರ್ಸರಿಗೆ ಹೊಸದಾಗಿ 20. ಹೀಗೆ ನಾಲ್ಕು ವರ್ಷ ನಡೆಸಿದಾಗ ಬರುವ ಚಿತ್ರ ಇದು. ಹಣವೆಲ್ಲ ಲಕ್ಷ ರೂಪಾಯಿಗಳಲ್ಲಿದೆ. ಶುಲ್ಕ, ಸಂಬಳ, ಬಾಡಿಗೆ ಮೂರೂ ಒಂದೇ ಪ್ರಮಾಣದಲ್ಲಿ ಏರುತ್ತವೆ ಎಂದು ಭಾವಿಸಿ ಮೊದಲ ವರ್ಷದ ದರಗಳನ್ನೇ ಉಳಿಸಿಕೊಳ್ಳಲಾಗಿದೆ.

| ವರ್ಷ | ನರ್ಸರಿ | ಎಲ್‌ಕೆಜಿ | ಯುಕೆಜಿ | ಒಟ್ಟು ಮಕ್ಕಳು | ಆದಾಯ | ಖರ್ಚು | ಉಳಿಕೆ |
|---|---|---|---|---|---|---|---|
| 1 | 16 | 8 | – | 24 | 9.81 | 15.05 | –5.24 |
| 2 | 20 | 14 | 6 | 40 | 15.50 | 17.72 | –2.22 |
| 3 | 26 | 18 | 11 | 55 | 21.28 | 22.35 | –1.06 |
| 4 | 34 | 20 | 14 | 68 | 26.25 | 24.50 | +1.75 |

ಮೊದಲ ವರ್ಷದ ಖರ್ಚಿನಲ್ಲಿ ಇಬ್ಬರು ಶಿಕ್ಷಕಿಯರು, ಇಬ್ಬರು ಆಯಾಗಳಿಗೆ 8.45 ಲಕ್ಷ, ತಿಂಗಳಿಗೆ 40,000ದಂತೆ ಬಾಡಿಗೆ 4.80 ಲಕ್ಷ, ವಿದ್ಯುತ್ತಿನಿಂದ ಹಿಡಿದು ವಾರ್ಷಿಕೋತ್ಸವದವರೆಗಿನ ಇತರ ಖರ್ಚು 1.80 ಲಕ್ಷ ಸೇರಿವೆ. ಆ ವರ್ಷ ಬಂದ ಪ್ರತಿ ನೂರು ರೂಪಾಯಿಯಲ್ಲಿ 86 ರೂಪಾಯಿ ಸಿಬ್ಬಂದಿಗೇ ಹೋಗುತ್ತದೆ. ನಾಲ್ಕನೆಯ ವರ್ಷ ನಾಲ್ವರು ಶಿಕ್ಷಕಿಯರು, ನಾಲ್ವರು ಆಯಾಗಳಿದ್ದರೂ ಈ ಪಾಲು 64 ರೂಪಾಯಿಗೆ ಇಳಿಯುತ್ತದೆ. ಕಾರಣ, ಕೋಣೆಗಳು ತುಂಬಿರುವುದು. ಯಾರ ಸಂಬಳವೂ ಕಡಿಮೆಯಾಗಿಲ್ಲ.

ಮೂರನೆಯ ವರ್ಷವನ್ನು ಸ್ವಲ್ಪ ನಿಂತು ನೋಡಬೇಕು. ಆ ವರ್ಷ ನರ್ಸರಿಗೆ 26 ಅರ್ಜಿ ಬರುತ್ತವೆ. ಇಪ್ಪತ್ತಕ್ಕೇ ನಿಲ್ಲಿಸಬಹುದು, ಇಲ್ಲವೇ ಎರಡನೆಯ ವಿಭಾಗ ತೆರೆಯಬಹುದು. ಹೆಚ್ಚುವರಿ ಆರು ಮಕ್ಕಳಿಂದ ಬೋಧನಾ ಶುಲ್ಕ ಮತ್ತು ಪ್ರವೇಶ ಶುಲ್ಕ ಸೇರಿ 2.45 ಲಕ್ಷ ಬರುತ್ತದೆ. ಹೊಸ ಶಿಕ್ಷಕಿ ಮತ್ತು ಸಣ್ಣಪುಟ್ಟ ಖರ್ಚಿಗೆ 2.53 ಲಕ್ಷ ಹೋಗುತ್ತದೆ. ಮೂರು ಆಯಾಗಳು ಹೇಗೂ ಬೇಕಾಗಿದ್ದರಿಂದ ಆ ಖರ್ಚು ಹೆಚ್ಚುವುದಿಲ್ಲ. ಅಂದರೆ ಆರು ಮಕ್ಕಳ ಹೊಸ ವಿಭಾಗ ಆ ವರ್ಷಕ್ಕೆ ಲಾಭವನ್ನೂ ತರುವುದಿಲ್ಲ, ಹೇಳಿಕೊಳ್ಳುವಂಥ ನಷ್ಟವನ್ನೂ ಮಾಡುವುದಿಲ್ಲ. ಆದರೆ ಆ ಆರು ಮಕ್ಕಳಲ್ಲಿ ನಾಲ್ವರು ಮುಂದಿನ ವರ್ಷದ ಎಲ್‌ಕೆಜಿಯನ್ನು ತುಂಬುತ್ತಾರೆ, ಅಲ್ಲಿ ಅವರಿಗಾಗಿ ಹೊಸ ಶಿಕ್ಷಕಿ ಬೇಕಾಗುವುದಿಲ್ಲ. ಹೀಗಾಗಿ ವಿಭಾಗ ತೆರೆಯುವುದೇ ಸರಿ. ಅದೇ ಮೂರು ಮಕ್ಕಳು ಮಾತ್ರ ಹೆಚ್ಚಿದ್ದರೆ ತೆರೆಯದೆ, ಅವರ ಹೆಸರನ್ನು ಕಾಯುವ ಪಟ್ಟಿಯಲ್ಲಿ ಬರೆದುಕೊಳ್ಳುವುದು ವಾಸಿ. ಈ ದರದಲ್ಲಿ ಒಬ್ಬ ಶಿಕ್ಷಕಿಯ ಖರ್ಚನ್ನು ತೂಗಿಸಲು ಏಳು ಮಕ್ಕಳ ಬೋಧನಾ ಶುಲ್ಕ ಬೇಕು, ಜೊತೆಗೆ ಆಯಾ ಕೂಡ ಬೇಕಾದರೆ ಹನ್ನೆರಡು. ಇವೆರಡು ಸಂಖ್ಯೆಗಳನ್ನು ಶಿಶುವಿಹಾರ ನಡೆಸುವವರು ಬಾಯಿಪಾಠ ಮಾಡಿಟ್ಟುಕೊಂಡರೆ ಜೂನ್ ತಿಂಗಳ ಗಡಿಬಿಡಿಯಲ್ಲಿ ತಪ್ಪು ನಿರ್ಧಾರ ಆಗುವುದು ತಪ್ಪುತ್ತದೆ.

ಅದೇ ವರ್ಷದ 1.06 ಲಕ್ಷದ ನಷ್ಟವೆಂದರೆ ಮೂರು ಮಕ್ಕಳ ಶುಲ್ಕ. ಹಿಂದಿನ ವರ್ಷದ ನರ್ಸರಿಯ 20 ಮಕ್ಕಳಲ್ಲಿ ಆರು ಮಂದಿ ಬಿಟ್ಟು ಹೋಗಿದ್ದರು. ಅವರಲ್ಲಿ ಇಬ್ಬರಿಗೆ ಎಲ್‌ಕೆಜಿಯಲ್ಲಿ ಖಾಲಿ ಜಾಗವಿತ್ತು, ಯುಕೆಜಿಯಲ್ಲಿ ಒಂಬತ್ತು ಜಾಗಗಳು ಖಾಲಿಯಿದ್ದವು. ಎಲ್‌ಕೆಜಿಯಿಂದ ಎರಡು, ಅದರ ಮೇಲಿನ ತಂಡದಿಂದ ಒಂದು ಮಗು ಉಳಿದಿದ್ದರೆ ನಷ್ಟವೇ ಇರುತ್ತಿರಲಿಲ್ಲ. ಅವರಿಗಾಗಿ ಕೋಣೆಯಾಗಲಿ ಶಿಕ್ಷಕಿಯಾಗಲಿ ಹೊಸದಾಗಿ ಬೇಕಿರಲಿಲ್ಲ. ಹೊಸ ಮಗುವನ್ನು ತರಲು ಬ್ಯಾನರ್, ಕರಪತ್ರ, ಮೇಳ ಎಂದು ಹಣ ಸುರಿಯುವುದಕ್ಕಿಂತ ಇರುವ ಮಗುವನ್ನು ಉಳಿಸಿಕೊಳ್ಳುವುದು ಅಗ್ಗ ಎಂಬುದನ್ನು ಈ ಅಂಕಿಗಳೇ ತೋರಿಸುತ್ತವೆ.

ಮಗು ಉಳಿಯುವುದಕ್ಕೂ ಶಿಕ್ಷಕಿಯ ಸಂಬಳಕ್ಕೂ ನೇರ ಸಂಬಂಧವಿದೆ. ಮೂರು ವರ್ಷದ ಮಗು ಶಾಲೆಗೆ ಹೊಂದಿಕೊಳ್ಳುವುದೆಂದರೆ ತನ್ನ ಮಿಸ್‌ಗೆ ಹೊಂದಿಕೊಳ್ಳುವುದು. ವರ್ಷದ ನಡುವೆ ಮಿಸ್ ಬದಲಾದರೆ ಅಳು ಮತ್ತೆ ಮೊದಲಾಗುತ್ತದೆ, ಬೆಳಗ್ಗೆ ಗೇಟಿನ ಬಳಿ ತಾಯಿಯನ್ನು ಬಿಡದ ಮಗು ಮನೆಯವರ ಮನಸ್ಸನ್ನೂ ಬದಲಿಸುತ್ತದೆ. ಸಂಬಳವನ್ನು 18,000ದಿಂದ 12,000ಕ್ಕೆ ಇಳಿಸಿದರೆ ಒಬ್ಬ ಶಿಕ್ಷಕಿಯಿಂದ ವರ್ಷಕ್ಕೆ 79,200 ರೂಪಾಯಿ ಉಳಿಯುತ್ತದೆ. ಇದು ಎರಡು ಮಕ್ಕಳ ಶುಲ್ಕಕ್ಕಿಂತ ತುಸು ಹೆಚ್ಚು, ಅಷ್ಟೆ. ಆ ಸಂಬಳಕ್ಕೆ ತರಬೇತಿ ಪಡೆದವರು ನಿಲ್ಲುವುದಿಲ್ಲ. ಅವರು ಹೋದ ಮೇಲೆ ಆ ತರಗತಿಯಿಂದ ಮೂರು ಮಕ್ಕಳು ಬಿಟ್ಟರೂ ಉಳಿತಾಯಕ್ಕಿಂತ ನಷ್ಟವೇ ದೊಡ್ಡದು.

ಅನೇಕ ಕಡೆ ನಡೆಯುವ ಇನ್ನೊಂದು ಪದ್ಧತಿ ಏಪ್ರಿಲ್-ಮೇ ತಿಂಗಳ ಸಂಬಳ ಕೊಡದಿರುವುದು. ಮಾರ್ಚ್‌ನಲ್ಲಿ ಶಿಕ್ಷಕಿಯರನ್ನು ಕಳಿಸಿ ಜೂನ್‌ನಲ್ಲಿ ಮತ್ತೆ ಕರೆಯುತ್ತಾರೆ. ನಾಲ್ವರ ಎರಡು ತಿಂಗಳ ಸಂಬಳ 1,44,000 ರೂಪಾಯಿ, ಅಂದರೆ ನಾಲ್ಕು ಮಕ್ಕಳ ಶುಲ್ಕ. ಇದನ್ನು ಉಳಿಸಲು ಹೋದವರು ಜೂನ್‌ನಲ್ಲಿ ಹೊಸ ಮುಖಗಳೊಂದಿಗೆ ಬಾಗಿಲು ತೆರೆಯುತ್ತಾರೆ. ಬೇಸಿಗೆಯಲ್ಲಿ ಮರುಪ್ರವೇಶದ ಬಗ್ಗೆ ವಿಚಾರಿಸಲು ಬಂದ ಹೆತ್ತವರಿಗೆ 'ಇದೇ ಮಿಸ್ ಇರುತ್ತಾರಾ?' ಎಂಬ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ. ಇದು ನ್ಯಾಯವೂ ಅಲ್ಲ, ಲೆಕ್ಕಕ್ಕೂ ಒಪ್ಪುವುದಿಲ್ಲ. ಹನ್ನೆರಡು ತಿಂಗಳ ಸಂಬಳವನ್ನು ಯೋಜನೆಯ ಮೊದಲ ಸಾಲಿನಲ್ಲೇ ಬರೆಯಬೇಕು, ಮೇ ತಿಂಗಳನ್ನು ತರಬೇತಿಗೆ, ಸಾಮಗ್ರಿ ತಯಾರಿಗೆ, ಹೊಸ ಮಕ್ಕಳ ಮನೆ ಭೇಟಿಗೆ ಬಳಸಬೇಕು. ಆಯಾಗಳ ಸಂಬಳ ರಾಜ್ಯದ ಕನಿಷ್ಠ ವೇತನಕ್ಕಿಂತ ಕಡಿಮೆಯಾಗದಂತೆ ಪ್ರತಿ ವರ್ಷ ನೋಡಿಕೊಳ್ಳಬೇಕು. ನೌಕರರ ಸಂಖ್ಯೆ ಹತ್ತು ಮುಟ್ಟಿದರೆ ಗ್ರಾಚ್ಯುಟಿ, ಹೆರಿಗೆ ಸೌಲಭ್ಯದಂಥ ಹೊಣೆಗಳು ಶುರುವಾಗುತ್ತವೆ. ಶಿಕ್ಷಕರೂ ಗ್ರಾಚ್ಯುಟಿಗೆ ಅರ್ಹರು ಎಂಬುದು 2009ರ ತಿದ್ದುಪಡಿಯಿಂದ ಸ್ಪಷ್ಟವಾಗಿದೆ. ಹತ್ತನೆಯವರನ್ನು ಸೇರಿಸಿಕೊಳ್ಳುವ ಮೊದಲು ಇದನ್ನು ಲೆಕ್ಕಕ್ಕೆ ತಂದುಕೊಳ್ಳಬೇಕು, ಇದರಿಂದ ತಪ್ಪಿಸಿಕೊಳ್ಳಲೆಂದು ಒಂಬತ್ತರಲ್ಲೇ ನಿಲ್ಲುವುದು ತರವಲ್ಲ.

ಮೇಲಿನ ಪಟ್ಟಿಯಲ್ಲಿ ಒಬ್ಬರ ಸಂಬಳ ಸೇರಿಲ್ಲ. ಅದು ಶಿಶುವಿಹಾರ ನಡೆಸುವವರದೇ. ಅವರು ಬೆಳಗ್ಗೆ ಗೇಟಿನಲ್ಲಿ ನಿಲ್ಲುತ್ತಾರೆ, ಹೆತ್ತವರೊಂದಿಗೆ ಮಾತನಾಡುತ್ತಾರೆ, ಶಿಕ್ಷಕಿ ಬಾರದ ದಿನ ಪಾಠ ಮಾಡುತ್ತಾರೆ. ಇಂಥ ಮುಖ್ಯ ಶಿಕ್ಷಕಿಯನ್ನು ಹೊರಗಿನಿಂದ ತಂದರೆ ತಿಂಗಳಿಗೆ 30,000 ಕೊಡಬೇಕು ಎಂದುಕೊಂಡರೆ ವರ್ಷಕ್ಕೆ 3.60 ಲಕ್ಷ. ನಾಲ್ಕನೆಯ ವರ್ಷದ 1.75 ಲಕ್ಷ ಉಳಿಕೆಯನ್ನು ಹನ್ನೆರಡು ತಿಂಗಳಿಗೆ ಹಂಚಿದರೆ ಒಡತಿಗೆ ಸಿಗುವುದು ತಿಂಗಳಿಗೆ ಸುಮಾರು 14,600 ರೂಪಾಯಿ. ಅದು ಆಕೆಯೇ ಕೊಡುತ್ತಿರುವ ಶಿಕ್ಷಕಿಯ ಸಂಬಳಕ್ಕಿಂತ ಕಡಿಮೆ. ಎಂಬತ್ತೂ ಸೀಟು ತುಂಬಿ ಅವರಲ್ಲಿ ನಲವತ್ತು ಮಕ್ಕಳು ಹೊಸಬರಾಗಿದ್ದರೆ ಆದಾಯ 30.70 ಲಕ್ಷ, ಖರ್ಚು 24.70 ಲಕ್ಷ, ಉಳಿಕೆ 6 ಲಕ್ಷ. ಅಲ್ಲಿ ಮಾತ್ರ ತಿಂಗಳಿಗೆ 50,000 ರೂಪಾಯಿ ಕೈಗೆ ಬರುತ್ತದೆ. ಈ ಕಟ್ಟಡದಲ್ಲಿ ಅದೇ ಗರಿಷ್ಠ. ಯೋಜನೆ ಬರೆಯುವಾಗ ಒಡತಿಯ ಸಂಬಳವನ್ನು ಬೇರೆ ಸಾಲಿನಲ್ಲಿ ತೋರಿಸದಿದ್ದರೆ ವರ್ಷಗಟ್ಟಲೆ ಬಿಟ್ಟಿ ದುಡಿಮೆಯೇ ಲಾಭದಂತೆ ಕಾಣುತ್ತದೆ.

ಹಾಗಾದರೆ ಎಷ್ಟು ಬಂಡವಾಳ ಬೇಕು? ಬಾಡಿಗೆಗೆ ಹತ್ತು ತಿಂಗಳ ಅಡ್ವಾನ್ಸ್ 4 ಲಕ್ಷ. ಮಕ್ಕಳ ಎತ್ತರದ ಶೌಚಾಲಯ, ಕೈತೊಳೆಯುವ ಬೇಸಿನ್‌ಗಳಿಗೆ 1.20 ಲಕ್ಷ. ಬಣ್ಣ, ಗ್ರಿಲ್, ಎತ್ತರದಲ್ಲಿ ಹಾಕಿಸುವ ಸ್ವಿಚ್ ಬೋರ್ಡುಗಳಿಗೆ 1.50 ಲಕ್ಷ. ಪೀಠೋಪಕರಣ 1 ಲಕ್ಷ, ಕಲಿಕಾ ಸಾಮಗ್ರಿ ಮತ್ತು ಅಂಗಳದ ಆಟಿಕೆ 1.50 ಲಕ್ಷ. ಸಿಸಿಟಿವಿ, ಕಂಪ್ಯೂಟರ್, ನೋಂದಣಿ, ಅಗ್ನಿಶಾಮಕ ಸಿಲಿಂಡರ್, ಮೊದಲ ಪ್ರಚಾರಕ್ಕೆಲ್ಲ 1.30 ಲಕ್ಷ. ಒಟ್ಟು 10.50 ಲಕ್ಷ. ಬಹುತೇಕ ಯೋಜನೆಗಳು ಇಲ್ಲಿಗೆ ಮುಗಿಯುತ್ತವೆ. ಆದರೆ ಮೊದಲ ಮೂರು ವರ್ಷದ ನಷ್ಟ ಸೇರಿ 8.52 ಲಕ್ಷ. ಅದನ್ನೂ ಬಂಡವಾಳವೆಂದೇ ತಿಳಿಯಬೇಕು. ಹೀಗೆ ನಿಜವಾಗಿ ಬೇಕಾಗುವುದು 19 ಲಕ್ಷ, ಅದೂ ಒಡತಿಯ ಮನೆಯ ಖರ್ಚು ಬೇರೆ ಆದಾಯದಿಂದ ನಡೆಯುತ್ತಿದ್ದರೆ. ಇದರಲ್ಲಿ 10 ಲಕ್ಷವನ್ನು ಶೇ 12ರ ಬಡ್ಡಿಗೆ ಐದು ವರ್ಷದ ಸಾಲವಾಗಿ ತಂದರೆ ತಿಂಗಳ ಕಂತು 22,000 ರೂಪಾಯಿಗಿಂತ ಹೆಚ್ಚು, ವರ್ಷಕ್ಕೆ 2.67 ಲಕ್ಷ. ನಾಲ್ಕನೆಯ ವರ್ಷದ ಉಳಿಕೆಯೂ ಆ ಕಂತಿಗೆ ಸಾಲದು. ಪೂರ್ತಿ ಸಾಲದ ಮೇಲೆ ಶಿಶುವಿಹಾರ ಆರಂಭಿಸಬಾರದು ಎಂದು ಹೇಳಲು ಇಷ್ಟು ಸಾಕು.

ಫ್ರಾಂಚೈಸಿ ಪಡೆಯುವವರು ಇನ್ನೂ ಒಂದು ಲೆಕ್ಕ ಹಾಕಬೇಕು. ದೊಡ್ಡ ಸಂಸ್ಥೆಯ ಹೆಸರು, ಪಠ್ಯಕ್ರಮ, ತರಬೇತಿ ಸಿಗುತ್ತವೆ, ಮೊದಲ ವರ್ಷದ ಪ್ರವೇಶ ಸುಲಭವಾಗುತ್ತದೆ. ಆದರೆ ರಾಯಲ್ಟಿಯನ್ನು ಶುಲ್ಕದ ಪಾಲಾಗಿ ಕಟ್ಟಬೇಕಾದ ಕಡೆ ಲಾಭವಿರಲಿ ನಷ್ಟವಿರಲಿ ಅದನ್ನು ಕೊಡಲೇಬೇಕು. ಅದು ಶೇ 15 ಎಂದು ಹಿಡಿದರೆ ನಾಲ್ಕನೆಯ ವರ್ಷದ 24.40 ಲಕ್ಷ ಬೋಧನಾ ಶುಲ್ಕದ ಮೇಲೆ 3.66 ಲಕ್ಷವಾಗುತ್ತದೆ. ಆ ವರ್ಷದ ಉಳಿಕೆಯ ಎರಡು ಪಟ್ಟಿಗಿಂತ ಹೆಚ್ಚು. ಹೆಸರಿನ ಬಲದಿಂದ ಶುಲ್ಕವನ್ನು ಅಷ್ಟರಮಟ್ಟಿಗೆ ಏರಿಸಲು ಆ ಬಡಾವಣೆಯಲ್ಲಿ ಸಾಧ್ಯವೇ ಎಂಬುದರ ಮೇಲೆ ಒಪ್ಪಂದ ನಿಲ್ಲಬೇಕು.

ವಾರ್ಷಿಕ ಲೆಕ್ಕ ಸರಿಯಿದ್ದೂ ಕೈಯಲ್ಲಿ ಹಣವಿಲ್ಲದೆ ಒದ್ದಾಡುವ ಶಿಶುವಿಹಾರಗಳಿವೆ. ಶುಲ್ಕ ಜೂನ್, ಅಕ್ಟೋಬರ್, ಜನವರಿಗಳಲ್ಲಿ ಕಂತಿನಲ್ಲಿ ಬರುತ್ತದೆ, ಖರ್ಚು ಪ್ರತಿ ತಿಂಗಳೂ ಇರುತ್ತದೆ. ಶುಲ್ಕವನ್ನು ಜೂನ್‌ನಲ್ಲಿ ಶೇ 40, ಆಮೇಲೆ ಶೇ 30, ಶೇ 30 ಎಂದು ಪಡೆದರೆ ನಾಲ್ಕನೆಯ ವರ್ಷದ ಜನವರಿಯಲ್ಲಿ ಸುಮಾರು 7.30 ಲಕ್ಷ ಬರುತ್ತದೆ. ಫೆಬ್ರುವರಿಯಿಂದ ಮೇವರೆಗಿನ ಖರ್ಚೇ 8 ಲಕ್ಷ ದಾಟುತ್ತದೆ. ಜನವರಿಯ ಹಣ ಕಂಡು ಹೊಸ ಜಾರುಬಂಡಿ ಕೊಂಡವರು ಮೇ ತಿಂಗಳ ಬಾಡಿಗೆಗೆ ಸಾಲ ಹುಡುಕುತ್ತಾರೆ. ಇದಕ್ಕೆ ಒಂದು ಸರಳ ಪರಿಹಾರವಿದೆ. ಮುಂದಿನ ವರ್ಷದ ಬೋಧನಾ ಶುಲ್ಕದಿಂದ 5,000 ರೂಪಾಯಿಯನ್ನು ಫೆಬ್ರುವರಿಯೊಳಗೆ ಮರುಪ್ರವೇಶದ ಮುಂಗಡವಾಗಿ ಪಡೆಯುವುದು. ಹೆತ್ತವರಿಗೆ ಇದರಿಂದ ಹೆಚ್ಚಿನ ಹೊರೆ ಇಲ್ಲ, ಮಗುವಿನ ಸೀಟು ಖಚಿತವಾಗುತ್ತದೆ. ಹಣಕ್ಕಿಂತ ಹೆಚ್ಚಿನ ಪ್ರಯೋಜನವೆಂದರೆ, ಬಾಯಿಮಾತಿನಲ್ಲಿ 'ಇಲ್ಲೇ ಓದಿಸುತ್ತೇವೆ' ಎಂದವರಲ್ಲಿ ನಿಜವಾಗಿ ಎಷ್ಟು ಮಂದಿ ಉಳಿಯುತ್ತಾರೆ ಎಂಬುದು ಆಗಲೇ ತಿಳಿಯುತ್ತದೆ. ಎಷ್ಟು ವಿಭಾಗ, ಎಷ್ಟು ಶಿಕ್ಷಕಿಯರು ಎಂಬ ನಿರ್ಧಾರಕ್ಕೆ ಮೂರು ತಿಂಗಳ ಸಮಯ ಸಿಗುತ್ತದೆ.

ಯೋಜನೆ ದಾರಿ ತಪ್ಪುತ್ತಿರುವುದನ್ನು ಹೇಳುವ ಸೂಚನೆಗಳು ಬ್ಯಾಂಕ್ ಪಾಸ್‌ಬುಕ್ಕಿಗಿಂತ ಮೊದಲು ಹಾಜರಿ ಪುಸ್ತಕದಲ್ಲಿ ಕಾಣಿಸುತ್ತವೆ. ಜುಲೈ ಕಳೆದ ಮೇಲೂ ಒಂದು ತರಗತಿಯಲ್ಲಿ ದಿನವೂ ನಾಲ್ಕೈದು ಮಕ್ಕಳು ಗೈರಾಗುತ್ತಿದ್ದರೆ ಅಲ್ಲಿ ಏನೋ ಸರಿಯಿಲ್ಲ. ವಿಚಾರಿಸಲು ಬಂದವರ ಹೆಸರನ್ನು ಬರೆದಿಟ್ಟರೆ ಅವರಲ್ಲಿ ಎಷ್ಟು ಮಂದಿ ಸೇರಿದರು ಎಂದು ತಿಳಿಯುತ್ತದೆ. ಬಂದು ನೋಡಿ ಸೇರದೆ ಹೋದವರು ಹೆಚ್ಚಾಗಿದ್ದರೆ ಶುಲ್ಕವನ್ನೋ ಕಟ್ಟಡವನ್ನೋ ಪರಿಶೀಲಿಸಬೇಕು, ವಿಚಾರಿಸಲು ಬರುವವರೇ ಕಡಿಮೆಯಾಗಿದ್ದರೆ ಬಡಾವಣೆಯ ಮಕ್ಕಳ ಲೆಕ್ಕವೇ ತಪ್ಪಾಗಿರಬಹುದು. ಎರಡಕ್ಕೂ ಮದ್ದು ಬೇರೆ ಬೇರೆ.

ಉಳಿಕೆ ಹೆಚ್ಚಿಸಲು ಮಧ್ಯಾಹ್ನದ ಡೇ ಕೇರ್ ಒಂದು ದಾರಿ. ಬಾಡಿಗೆ ಆಗಲೇ ಕೊಟ್ಟಾಗಿರುತ್ತದೆ, ಕೋಣೆಗಳು ಖಾಲಿ ಇರುತ್ತವೆ, ಇಬ್ಬರೂ ದುಡಿಯುವ ಮನೆಗಳಿಂದ ಬೇಡಿಕೆಯಿದೆ. ಬೆಳಗಿನ ಆಯಾಗಳನ್ನೇ ಸಂಜೆ ಆರರವರೆಗೆ ದುಡಿಸಿದರೆ ಮಾತ್ರ ಇದು ಕೆಡುತ್ತದೆ. ಇದಕ್ಕೆ ಬೇರೆ ಸಿಬ್ಬಂದಿ, ಬೇರೆ ಶುಲ್ಕ, ಬೇರೆ ಲೆಕ್ಕ ಬೇಕು. ಒಂದನೆಯ ತರಗತಿ ತೆರೆದು ಮಕ್ಕಳನ್ನು ಉಳಿಸಿಕೊಳ್ಳುವ ಆಲೋಚನೆ ಹಲವರಿಗೆ ಬರುತ್ತದೆ. ಅದು ಬೇರೆಯೇ ಸಂಸ್ಥೆಯಾಗುತ್ತದೆ. ಟ್ರಸ್ಟ್ ಅಥವಾ ಸೊಸೈಟಿ, ಇಲಾಖೆಯ ಮಾನ್ಯತೆ, ಆಟದ ಮೈದಾನ, ಅರ್ಹತೆ ಪಡೆದ ಶಿಕ್ಷಕರು ಎಲ್ಲವೂ ಬೇಕು, 40x60ರ ಮನೆಯಲ್ಲಿ ಅದು ಆಗುವ ಮಾತಲ್ಲ. ಅದಕ್ಕಿಂತ ಸುತ್ತಲಿನ ಎರಡು-ಮೂರು ಶಾಲೆಗಳೊಂದಿಗೆ ಮಾತನಾಡಿ ಒಂದನೆಯ ತರಗತಿಯಲ್ಲಿ ಎಷ್ಟು ಸೀಟು ಖಾಲಿಯಾಗುತ್ತವೆ ಎಂದು ತಿಳಿದು ಹೆತ್ತವರಿಗೆ ತಿಳಿಸುವುದು ಮೇಲು. ಅವರ ಅಂಜಿಕೆ ಅರ್ಧ ಕಡಿಮೆಯಾಗುವುದು ಅಲ್ಲಿಯೇ.

ಮಾದರಿಯಂಥ ಶಿಶುವಿಹಾರವನ್ನು ಮುಂದುವರಿಸಬೇಕೇ ಬೇಡವೇ ಎಂಬುದನ್ನು ನಿರ್ಧರಿಸಲು ಎರಡನೆಯ ವರ್ಷದ ಫೆಬ್ರುವರಿ ಸರಿಯಾದ ಸಮಯ. ಆಗ ನರ್ಸರಿಯ 20 ಮಕ್ಕಳಲ್ಲಿ 14 ಮಂದಿ ಮುಂಗಡ ಕಟ್ಟಿದ್ದರೆ ಯೋಜನೆ ದಾರಿಯಲ್ಲಿದೆ. ಹತ್ತಕ್ಕಿಂತ ಕಡಿಮೆ ಇದ್ದರೆ ಹೊಸ ಕೋಣೆಗೆ, ಹೊಸ ಬ್ಯಾನರಿಗೆ ಒಂದು ರೂಪಾಯಿಯನ್ನೂ ಹಾಕದೆ, ಬಿಟ್ಟು ಹೋಗುತ್ತಿರುವ ಮನೆಗಳ ಬಾಗಿಲಿಗೆ ಹೋಗಿ ಕಾರಣ ಕೇಳಿಕೊಂಡು ಬರಬೇಕು.